ಗೃಹಸಾಲದ ವರ್ಗಾವಣೆ: ಬಡ್ಡಿ ಇಳಿದರೆ ಸಾಲದು, ಲೆಕ್ಕವೂ ಕೂಡಬೇಕು

2025ರ ಫೆಬ್ರುವರಿಯಿಂದ ಡಿಸೆಂಬರ್‌ವರೆಗೆ ರಿಸರ್ವ್ ಬ್ಯಾಂಕ್ ರೆಪೊ ದರವನ್ನು ನಾಲ್ಕು ಸಲ ಇಳಿಸಿತು. ಶೇ 6.5ರಷ್ಟಿದ್ದ ದರ ವರ್ಷ ಮುಗಿಯುವ ಹೊತ್ತಿಗೆ ಶೇ 5.25ಕ್ಕೆ ಬಂದು ನಿಂತಿತು. ಆಗ ಹೊಸದಾಗಿ ಮನೆ ಕೊಂಡವರಿಗೆ ಬ್ಯಾಂಕುಗಳು ಕರೆದು ಕರೆದು ಕಡಿಮೆ ಬಡ್ಡಿಗೆ ಸಾಲ ಕೊಟ್ಟವು. ಆದರೆ ಐದಾರು ವರ್ಷಗಳಿಂದ ಒಂದು ಕಂತೂ ತಪ್ಪಿಸದೆ ಕಟ್ಟಿಕೊಂಡು ಬಂದ ಅನೇಕರ ಪಾಸ್‌ಬುಕ್ಕಿನಲ್ಲಿ ಬಡ್ಡಿ ಅಷ್ಟಾಗಿ ಇಳಿಯಲೇ ಇಲ್ಲ. ಅದೇ ಅಪಾರ್ಟ್‌ಮೆಂಟಿನಲ್ಲಿ, ಅದೇ ಅಳತೆಯ ಮನೆಗೆ, ಹಳಬರು ಶೇ 9 ಕಟ್ಟುತ್ತಿದ್ದರೆ ಹೊಸಬರು ಶೇ 8ಕ್ಕಿಂತ ಕಡಿಮೆ ಕಟ್ಟುತ್ತಿರುವುದುಂಟು. ಸಾಲವನ್ನು ಬೇರೆ ಬ್ಯಾಂಕಿಗೆ ಸಾಗಿಸುವ ಯೋಚನೆ ಹುಟ್ಟುವುದು ಇಲ್ಲಿಂದಲೇ. ಬ್ಯಾಂಕಿನವರು ಇದನ್ನು ಬ್ಯಾಲೆನ್ಸ್ ಟ್ರಾನ್ಸ್‌ಫರ್ ಎನ್ನುತ್ತಾರೆ, ಬಾಯಿಮಾತಿನಲ್ಲಿ ಬಿಟಿ. ಇದರಿಂದ ಲಕ್ಷಗಟ್ಟಲೆ ಉಳಿಸಿದವರಿದ್ದಾರೆ. ಉಳಿಸಿದೆವೆಂದು ತಿಳಿದು ಲಕ್ಷಗಟ್ಟಲೆ ಹೆಚ್ಚು ಕಟ್ಟುತ್ತಿರುವವರೂ ಇದ್ದಾರೆ.

ಹಳಬರಿಗೇಕೆ ಹೆಚ್ಚು ಬಡ್ಡಿ?

2019ರ ಅಕ್ಟೋಬರ್ 1ರಿಂದ ಬ್ಯಾಂಕುಗಳು ಕೊಡುವ ಹೊಸ ಫ್ಲೋಟಿಂಗ್ ಗೃಹಸಾಲಗಳ ಬಡ್ಡಿಯನ್ನು ರೆಪೊ ದರದಂಥ ಹೊರಗಿನ ಮಾನದಂಡಕ್ಕೆ ಜೋಡಿಸಲೇಬೇಕು ಎಂದು ರಿಸರ್ವ್ ಬ್ಯಾಂಕ್ ನಿಯಮ ಮಾಡಿತು. ರೆಪೊ ಬದಲಾದರೆ ಮೂರು ತಿಂಗಳೊಳಗೆ ಸಾಲದ ಬಡ್ಡಿಯೂ ಬದಲಾಗಬೇಕು. ಆದರೆ ನೀವು ಕಟ್ಟುವ ಬಡ್ಡಿಯಲ್ಲಿ ರೆಪೊ ಒಂದು ಭಾಗ ಮಾತ್ರ. ಅದರ ಮೇಲೆ ಬ್ಯಾಂಕು ತನ್ನ ಖರ್ಚು, ಲಾಭ ಮತ್ತು ನಿಮ್ಮ ಸಾಲದ ಅಪಾಯಕ್ಕೆಂದು ಇನ್ನಷ್ಟು ಸೇರಿಸುತ್ತದೆ. ಇದಕ್ಕೆ ಸ್ಪ್ರೆಡ್ ಎನ್ನುತ್ತಾರೆ. ಸಾಲ ಪಡೆದ ದಿನ ಗೊತ್ತಾದ ಸ್ಪ್ರೆಡ್ ಸುಲಭಕ್ಕೆ ಬದಲಾಗುವುದಿಲ್ಲ. ಪೈಪೋಟಿ ಹೆಚ್ಚಿದಾಗ ಬ್ಯಾಂಕು ಹೊಸ ಗ್ರಾಹಕರಿಗೆ ಕಡಿಮೆ ಸ್ಪ್ರೆಡ್ ಕೊಡುತ್ತದೆ. ಹಳೆಯ ಗ್ರಾಹಕರದ್ದು ಇದ್ದ ಹಾಗೆಯೇ ಉಳಿಯುತ್ತದೆ.

ಗೃಹಸಾಲ ಕಂಪನಿಗಳ, ಅಂದರೆ ಹೌಸಿಂಗ್ ಫೈನಾನ್ಸ್ ಸಂಸ್ಥೆಗಳ ಕತೆ ಬೇರೆ. ಹೊರಗಿನ ಮಾನದಂಡದ ಆ ನಿಯಮ ಬಂದದ್ದು ಬ್ಯಾಂಕುಗಳಿಗೆ. ಈ ಸಂಸ್ಥೆಗಳು ಸಾಮಾನ್ಯವಾಗಿ ತಮ್ಮದೇ ಮೂಲದರವನ್ನು ಇಟ್ಟುಕೊಂಡಿರುತ್ತವೆ. ರೆಪೊ ಇಳಿದ ಕೂಡಲೇ ಅದನ್ನೂ ಇಳಿಸಬೇಕೆಂಬ ಕಟ್ಟುಪಾಡಿಲ್ಲ. 2019ಕ್ಕೆ ಮೊದಲು ಬ್ಯಾಂಕಿನಿಂದ ಸಾಲ ಪಡೆದು ಇನ್ನೂ ಎಂಸಿಎಲ್‌ಆರ್ ಅಥವಾ ಬೇಸ್ ರೇಟ್ ಪದ್ಧತಿಯಲ್ಲೇ ಉಳಿದವರ ಪಾಡೂ ಹೆಚ್ಚುಕಡಿಮೆ ಇದೇ. ಆದ್ದರಿಂದ ಮೊದಲು ನಿಮ್ಮ ಸಾಲದ ಸ್ಟೇಟ್‌ಮೆಂಟ್ ತೆಗೆಯಿರಿ. ಬಡ್ಡಿ ಯಾವುದಕ್ಕೆ ಜೋಡಣೆಯಾಗಿದೆ, ಬಾಕಿ ಅಸಲು ಎಷ್ಟು, ಇನ್ನೆಷ್ಟು ತಿಂಗಳು ಉಳಿದಿದೆ ಎಂಬ ಮೂರು ಸಂಗತಿಗಳು ಗೊತ್ತಾದರೆ ಉಳಿದದ್ದನ್ನು ಲೆಕ್ಕ ಹಾಕಬಹುದು.

ಒಂದು ಸಾಲ, ಮೂರು ದಾರಿ

ಲೆಕ್ಕಕ್ಕಾಗಿ ತುಮಕೂರಿನ ಒಂದು ಕುಟುಂಬವನ್ನು ಇಟ್ಟುಕೊಳ್ಳೋಣ. ಗಂಡ ಹೆಂಡತಿ ಇಬ್ಬರೂ ದುಡಿಯುವವರು. ಗೃಹಸಾಲ ಸಂಸ್ಥೆಯೊಂದರಲ್ಲಿ ಇನ್ನೂ 40 ಲಕ್ಷ ರೂಪಾಯಿ ಅಸಲು ಬಾಕಿಯಿದೆ. ಅವಧಿ 15 ವರ್ಷ ಉಳಿದಿದೆ. ಬಡ್ಡಿ ಶೇ 9, ತಿಂಗಳ ಕಂತು 40,571 ರೂಪಾಯಿ. ಹೀಗೇ ಮುಂದುವರಿದರೆ ಅವರು ಇನ್ನು ಕಟ್ಟಬೇಕಾದ್ದು ಒಟ್ಟು 73 ಲಕ್ಷಕ್ಕೆ ಸ್ವಲ್ಪ ಹೆಚ್ಚು. ಈಗ ಬ್ಯಾಂಕೊಂದು ಶೇ 8ಕ್ಕೆ ಸಾಲ ಕೊಡಲು ಮುಂದೆ ಬಂದಿದೆ.

ಮೊದಲ ದಾರಿಯಲ್ಲಿ ಅದೇ 15 ವರ್ಷಕ್ಕೆ ಸಾಲ ಸಾಗಿಸಿ ಕಂತನ್ನು ಇಳಿಸಿಕೊಳ್ಳಬಹುದು. ಕಂತು 38,226 ರೂಪಾಯಿಗೆ ಬರುತ್ತದೆ. ತಿಂಗಳಿಗೆ 2,345 ರೂಪಾಯಿ ಕೈಯಲ್ಲಿ ಉಳಿದು, ಪೂರ್ತಿ ಅವಧಿಗೆ ಸುಮಾರು 4.2 ಲಕ್ಷ ಉಳಿತಾಯವಾಗುತ್ತದೆ.

ಎರಡನೆಯದು, ಬಡ್ಡಿ ಇಳಿದರೂ ಹಳೆಯ ಕಂತನ್ನೇ ಕಟ್ಟುತ್ತಾ ಹೋಗುವುದು. ತಿಂಗಳಿಗೆ ಅದೇ 40,571 ರೂಪಾಯಿ ಕಟ್ಟಿದರೆ ಸಾಲ 15 ವರ್ಷದ ಬದಲು ಸುಮಾರು ಹದಿಮೂರೂವರೆ ವರ್ಷದಲ್ಲಿ ತೀರುತ್ತದೆ. ಉಳಿಯುವ ಹಣ ಸುಮಾರು 7.6 ಲಕ್ಷ. ಮನೆಯ ಬಜೆಟ್ಟಿನಲ್ಲಿ ಒಂದು ರೂಪಾಯಿಯ ವ್ಯತ್ಯಾಸವೂ ಆಗದೆ ಇಷ್ಟು ಉಳಿಯುತ್ತದೆ.

ಮೂರನೆಯ ದಾರಿಯಲ್ಲೇ ಹೆಚ್ಚಿನವರು ಎಡವುವುದು. ಹೊಸ ಬ್ಯಾಂಕಿನ ಏಜೆಂಟರು ಅರ್ಜಿ ತುಂಬುವಾಗ ಅವಧಿಯ ಜಾಗದಲ್ಲಿ ಮತ್ತೆ 20 ವರ್ಷ ಎಂದು ಬರೆದುಬಿಡುತ್ತಾರೆ. ಕಂತು 33,458 ರೂಪಾಯಿಗೆ ಇಳಿಯುತ್ತದೆ. ತಿಂಗಳಿಗೆ ಏಳು ಸಾವಿರ ಉಳಿಯಿತೆಂದು ಮನೆಯವರು ಖುಷಿಪಡುತ್ತಾರೆ. ಆದರೆ 20 ವರ್ಷದಲ್ಲಿ ಕಟ್ಟುವ ಒಟ್ಟು ಮೊತ್ತ 80 ಲಕ್ಷ ದಾಟುತ್ತದೆ. ಬಡ್ಡಿ ಒಂದು ಪರ್ಸೆಂಟ್ ಕಡಿಮೆಯಾಗಿಯೂ ಸುಮ್ಮನೆ ಹಳೆಯ ಸಾಲದಲ್ಲೇ ಇದ್ದಿದ್ದಕ್ಕಿಂತ ಏಳು ಲಕ್ಷಕ್ಕೂ ಹೆಚ್ಚು ಕೊಟ್ಟಂತಾಯಿತು. ಕಂತಿನ ಹೊರೆ ನಿಜಕ್ಕೂ ತಾಳಲಾರದಷ್ಟು ಆಗಿದ್ದರೆ ಅವಧಿ ಹಿಗ್ಗಿಸುವುದು ಬೇರೆ ಮಾತು. ಉಳಿತಾಯವೇ ಗುರಿಯಾಗಿದ್ದರೆ ಹೊಸ ಸಾಲದ ಅವಧಿ ಹಳೆಯ ಸಾಲದಲ್ಲಿ ಉಳಿದ ಅವಧಿಗಿಂತ ಒಂದು ತಿಂಗಳೂ ಹೆಚ್ಚಿರಬಾರದು.

ಖರ್ಚು ಎಲ್ಲೆಲ್ಲಿ ಬೀಳುತ್ತದೆ?

ಮೊದಲು ಸಮಾಧಾನದ ಸಂಗತಿ. ವ್ಯಕ್ತಿಗಳು ಸ್ವಂತ ಅಗತ್ಯಕ್ಕೆ ಪಡೆದ ಫ್ಲೋಟಿಂಗ್ ಬಡ್ಡಿಯ ಗೃಹಸಾಲವನ್ನು ಅವಧಿಗೆ ಮೊದಲೇ ತೀರಿಸಿದರೆ ಬ್ಯಾಂಕಾಗಲಿ ಗೃಹಸಾಲ ಸಂಸ್ಥೆಯಾಗಲಿ ದಂಡ ಹಾಕುವಂತಿಲ್ಲ. ಹಣ ಬೇರೆ ಬ್ಯಾಂಕಿನಿಂದ ಬಂದರೂ ಈ ನಿಯಮ ಬದಲಾಗದು. ಫಿಕ್ಸೆಡ್ ಬಡ್ಡಿಯ ಸಾಲಕ್ಕೆ ಈ ರಕ್ಷಣೆ ಪೂರ್ತಿಯಾಗಿ ಇಲ್ಲ. ಮೊದಲ ಕೆಲವು ವರ್ಷ ಫಿಕ್ಸೆಡ್, ಆಮೇಲೆ ಫ್ಲೋಟಿಂಗ್ ಎಂಬ ಷರತ್ತಿನ ಸಾಲವಾದರೆ, ಈಗ ಯಾವ ಹಂತದಲ್ಲಿದೆ ಎಂದು ಕರಾರುಪತ್ರದಲ್ಲಿ ನೋಡಿಕೊಂಡೇ ಮುಂದುವರಿಯಬೇಕು.

ಖರ್ಚೆಲ್ಲ ಹೊಸ ಸಾಲದ ಕಡೆಯಿಂದ ಬರುತ್ತದೆ. ಮೊದಲನೆಯದು ಪ್ರೊಸೆಸಿಂಗ್ ಶುಲ್ಕ, ಅದರ ಮೇಲೆ ಶೇ 18 ಜಿಎಸ್‌ಟಿ. ಹಬ್ಬದ ಕೊಡುಗೆ ಎಂದು ಇದನ್ನು ಮನ್ನಾ ಮಾಡುವ ಬ್ಯಾಂಕುಗಳೂ ಇವೆ, ಆದ್ದರಿಂದ ಚೌಕಾಸಿ ಮಾಡಲು ಹಿಂಜರಿಯಬೇಡಿ. ಎರಡನೆಯದು ವಕೀಲರ ಕಾನೂನು ಅಭಿಪ್ರಾಯ ಮತ್ತು ಎಂಜಿನಿಯರ್ ಬಂದು ಮನೆಯ ಬೆಲೆ ಕಟ್ಟುವ ಶುಲ್ಕ. ಹಳೆಯ ಸಂಸ್ಥೆ ಹಿಂದೆಯೇ ಇವನ್ನು ಮಾಡಿಸಿದ್ದರೂ ಹೊಸ ಬ್ಯಾಂಕು ಮತ್ತೆ ಮಾಡಿಸುತ್ತದೆ.

ಮೂರನೆಯದು ಹಲವರ ಲೆಕ್ಕದಿಂದ ತಪ್ಪಿಹೋಗುವ ದೊಡ್ಡ ಖರ್ಚು: ಎಂಒಡಿಟಿ. ಮನೆಯ ಮೂಲ ಕ್ರಯಪತ್ರವನ್ನು ಬ್ಯಾಂಕಿನಲ್ಲಿ ಒತ್ತೆಯಿಟ್ಟಿದ್ದೇವೆ ಎಂದು ಬರೆದುಕೊಡುವ ಪತ್ರವಿದು. ಇದಕ್ಕೆ ಮುದ್ರಾಂಕ ಶುಲ್ಕವಿದೆ, ಉಪನೋಂದಣಾಧಿಕಾರಿ ಕಚೇರಿಯಲ್ಲಿ ನೋಂದಾಯಿಸಿದರೆ ನೋಂದಣಿ ಶುಲ್ಕವೂ ಇದೆ. ಮೊತ್ತ ಸಾಲಕ್ಕೆ ತಕ್ಕಂತೆ ಏರುತ್ತದೆ. ಹಿಂದಿನ ಸಂಸ್ಥೆಯ ಹೆಸರಿನಲ್ಲಿ ಆಗ ಕಟ್ಟಿದ್ದು ಈಗ ಲೆಕ್ಕಕ್ಕಿಲ್ಲ, ಹೊಸ ಬ್ಯಾಂಕಿನ ಹೆಸರಿನಲ್ಲಿ ಮತ್ತೆ ಕಟ್ಟಬೇಕು. ಸರ್ಕಾರ ಈ ದರಗಳನ್ನು ಆಗಾಗ ಬದಲಿಸುವುದರಿಂದ ಅರ್ಜಿ ಹಾಕುವ ಮೊದಲೇ ಉಪನೋಂದಣಾಧಿಕಾರಿ ಕಚೇರಿಯಲ್ಲಿ ಅಥವಾ ಪತ್ರ ಬರಹಗಾರರಲ್ಲಿ ಇಂದಿನ ದರ ಕೇಳಿಕೊಳ್ಳಿ.

ನಾಲ್ಕನೆಯದು ಯಾವ ರಶೀದಿಯಲ್ಲೂ ಕಾಣದ ಖರ್ಚು. ಹೊಸ ಬ್ಯಾಂಕು ಹಳೆಯ ಸಂಸ್ಥೆಯ ಹೆಸರಿಗೆ ಚೆಕ್ ಅಥವಾ ಡಿಡಿ ತೆಗೆದ ದಿನದಿಂದಲೇ ತನ್ನ ಬಡ್ಡಿ ಎಣಿಸತೊಡಗುತ್ತದೆ. ಹಳೆಯ ಸಂಸ್ಥೆ ಆ ಹಣ ತನ್ನ ಖಾತೆಗೆ ಬೀಳುವವರೆಗೆ ತನ್ನ ಬಡ್ಡಿ ಎಣಿಸುತ್ತದೆ. ಶೇ 9ರಲ್ಲಿ 40 ಲಕ್ಷಕ್ಕೆ ಒಂದು ದಿನದ ಬಡ್ಡಿ 986 ರೂಪಾಯಿ. ಚೆಕ್ ಯಾರದೋ ಮೇಜಿನ ಡ್ರಾಯರಿನಲ್ಲಿ ಆರು ದಿನ ಮಲಗಿದರೆ ನಿಮ್ಮ ಸುಮಾರು 5,900 ರೂಪಾಯಿ ಹೋಯಿತು.

ತುಮಕೂರಿನ ಕುಟುಂಬದ ಲೆಕ್ಕಕ್ಕೆ ಇವನ್ನೆಲ್ಲ ಕೂಡೋಣ. ಪ್ರೊಸೆಸಿಂಗ್ ಶುಲ್ಕ ಕಾಲು ಪರ್ಸೆಂಟ್ ಎಂದುಕೊಂಡರೆ ಜಿಎಸ್‌ಟಿ ಸೇರಿ 11,800 ರೂಪಾಯಿ. ವಕೀಲರು ಮತ್ತು ಎಂಜಿನಿಯರ್‌ಗೆ 7,000. ಎಂಒಡಿಟಿಗೆ ಎಲ್ಲ ಸೇರಿ ಅರ್ಧ ಪರ್ಸೆಂಟ್ ಎಂದಿಟ್ಟುಕೊಂಡರೆ 20,000. ಕರಾರುಪತ್ರದ ಛಾಪಾಕಾಗದ, ನೋಟರಿ, ಹಳೆಯ ಒತ್ತೆ ಬಿಡಿಸುವ ಪತ್ರ ಇವಕ್ಕೆಲ್ಲ 5,000. ಆರು ದಿನದ ಜೋಡಿ ಬಡ್ಡಿ 5,900. ಒಟ್ಟು ಸುಮಾರು 50,000 ರೂಪಾಯಿ. ಬಡ್ಡಿಯಲ್ಲಿ ಒಂದು ಪರ್ಸೆಂಟ್ ಇಳಿದರೆ ಮೊದಲ ತಿಂಗಳು ಉಳಿಯುವುದು 3,333 ರೂಪಾಯಿ. ಅಂದರೆ ಖರ್ಚು ವಾಪಸು ಬರಲು ಸುಮಾರು 15 ತಿಂಗಳು ಬೇಕು. ಇನ್ನೂ 15 ವರ್ಷ ಉಳಿದಿರುವ ಸಾಲಕ್ಕೆ ಇದು ಒಪ್ಪುವಂಥ ವ್ಯವಹಾರ.

ಇದೇ ಲೆಕ್ಕವನ್ನು ಎಂಟು ಲಕ್ಷ ಬಾಕಿ, ನಾಲ್ಕು ವರ್ಷ ಉಳಿದ ಸಾಲಕ್ಕೆ ಹಾಕಿ ನೋಡಿ. ಶೇ 9ರಿಂದ ಶೇ 8ಕ್ಕೆ ಬಂದರೂ ಪೂರ್ತಿ ಅವಧಿಯಲ್ಲಿ ಉಳಿಯುವುದು 18,000 ರೂಪಾಯಿ ಮಾತ್ರ. ಶುಲ್ಕಗಳಲ್ಲಿ ಅದರ ಬಹುಪಾಲು ಕರಗುತ್ತದೆ. ಗೃಹಸಾಲದ ಮೊದಲ ವರ್ಷಗಳಲ್ಲಿ ಕಂತಿನ ದೊಡ್ಡ ಪಾಲು ಬಡ್ಡಿಗೆ ಹೋಗುತ್ತದೆ, ಕೊನೆಯ ವರ್ಷಗಳಲ್ಲಿ ಅಸಲಿಗೆ. ಆದ್ದರಿಂದ ವರ್ಗಾವಣೆಯ ಲಾಭ ಇರುವುದು ಸಾಲದ ಮೊದಲ ಅರ್ಧದಲ್ಲಿ.

ಮೊದಲು ನಿಮ್ಮ ಬ್ಯಾಂಕನ್ನೇ ಕೇಳಿ

ಹೊಸ ಬ್ಯಾಂಕಿನ ಬಾಗಿಲು ತಟ್ಟುವ ಮೊದಲು ಮಾಡಬೇಕಾದ ಕೆಲಸವೊಂದಿದೆ. ಹಳೆಯ ಸಂಸ್ಥೆಗೆ ಒಂದು ಅರ್ಜಿ ಬರೆಯಿರಿ. ಶಾಖೆಗೆ ಹೋಗಿ ಬಾಯಿಮಾತಿನಲ್ಲೂ ಹೇಳಿ: “ಸಾರ್, ಬೇರೆ ಬ್ಯಾಂಕಿನವರು ಎಂಟಕ್ಕೆ ಕೊಡ್ತೀವಿ ಅಂತಿದ್ದಾರೆ. ನೀವು ಎಷ್ಟಕ್ಕೆ ಇಳಿಸ್ತೀರಿ?” ಕೈಯಲ್ಲಿ ಹೊಸ ಬ್ಯಾಂಕಿನ ಮಂಜೂರಾತಿ ಪತ್ರವಿದ್ದರೆ ಮಾತಿಗೆ ತೂಕ ಬರುತ್ತದೆ. ಸರಿಯಾಗಿ ಕಂತು ಕಟ್ಟುವ ಗ್ರಾಹಕರನ್ನು ಕಳೆದುಕೊಳ್ಳಲು ಯಾವ ಸಂಸ್ಥೆಗೂ ಇಷ್ಟವಿರುವುದಿಲ್ಲ. ಬ್ಯಾಂಕುಗಳು ಸ್ಪ್ರೆಡ್‌ನ ಕೆಲವು ಭಾಗಗಳನ್ನು ಮೂರು ವರ್ಷಕ್ಕೊಮ್ಮೆ ಮಾತ್ರ ಬದಲಿಸಬೇಕೆಂಬ ಕಟ್ಟಳೆ ಮೊದಲಿತ್ತು. ಗ್ರಾಹಕರನ್ನು ಉಳಿಸಿಕೊಳ್ಳಲು ಅದಕ್ಕೂ ಮುಂಚೆಯೇ ಇಳಿಸಬಹುದು ಎಂದು ರಿಸರ್ವ್ ಬ್ಯಾಂಕ್ 2025ರ ಅಕ್ಟೋಬರ್‌ನಿಂದ ಅನುಮತಿ ಕೊಟ್ಟಿದೆ. ಹಾಗಾಗಿ “ನಮ್ಮ ಕೈಯಲ್ಲಿಲ್ಲ” ಎಂಬ ಉತ್ತರವನ್ನು ಅಲ್ಲಿಗೇ ಒಪ್ಪಬೇಕಿಲ್ಲ.

ಹಳೆಯ ಸಂಸ್ಥೆ ಕನ್ವರ್ಷನ್ ಶುಲ್ಕ ಪಡೆದು ಬಡ್ಡಿಯನ್ನು ಶೇ 8.25ಕ್ಕೆ ಇಳಿಸಲು ಒಪ್ಪಿತು ಎನ್ನೋಣ. ಶುಲ್ಕ ಜಿಎಸ್‌ಟಿ ಸೇರಿ 11,800 ರೂಪಾಯಿ ಎಂದುಕೊಂಡರೆ ಅದು ಐದು ತಿಂಗಳೊಳಗೆ ವಾಪಸು ಬರುತ್ತದೆ. ವಕೀಲರು, ಎಂಒಡಿಟಿ, ಜೋಡಿ ಬಡ್ಡಿ ಯಾವುದೂ ಇಲ್ಲ. ಹಳೆಯ ಕಂತನ್ನೇ ಕಟ್ಟುತ್ತಾ ಹೋದರೆ ಶುಲ್ಕ ಕಳೆದು ಸುಮಾರು 5.8 ಲಕ್ಷ ಉಳಿಯುತ್ತದೆ. ಹೊಸ ಬ್ಯಾಂಕಿಗೆ ಹೋಗಿ ಶೇ 8ಕ್ಕೆ ಪಡೆದರೆ ಎಲ್ಲ ಖರ್ಚು ಕಳೆದು ಸುಮಾರು 7.1 ಲಕ್ಷ. ಕೊನೆಯವರೆಗೆ ಸಾಲ ಇಟ್ಟುಕೊಳ್ಳುವವರಿಗೆ ವರ್ಗಾವಣೆಯಿಂದ 1.3 ಲಕ್ಷ ಹೆಚ್ಚು ಲಾಭ. ಆದರೆ ಹೆಚ್ಚಾದ 38,000 ರೂಪಾಯಿ ಖರ್ಚು ಹುಟ್ಟಲು ನಾಲ್ಕು ವರ್ಷ ಹತ್ತಿರ ಬೇಕು. ಅಷ್ಟರೊಳಗೆ ಮನೆ ಮಾರುವ, ಊರಿನ ಜಮೀನು ಮಾರಿದ ಹಣದಿಂದ ಅಥವಾ ನಿವೃತ್ತಿಯ ಹಣದಿಂದ ಸಾಲ ತೀರಿಸುವ ಯೋಚನೆಯಿದ್ದರೆ ಇದ್ದಲ್ಲೇ ಇರುವುದು ಮೇಲು.

ಕಾಗದಪತ್ರದ ಹಾದಿ

ವರ್ಗಾವಣೆಯೇ ಸರಿ ಎಂದು ತೀರ್ಮಾನಿಸಿದರೆ ಹಳೆಯ ಸಂಸ್ಥೆಯಿಂದ ಮೂರು ಪತ್ರ ಬೇಕು. ಒಂದು, ಇಂತಿಷ್ಟು ಕಟ್ಟಿದರೆ ಸಾಲ ಮುಗಿಯುತ್ತದೆ ಎಂದು ಹೇಳುವ ಫೋರ್‌ಕ್ಲೋಷರ್ ಪತ್ರ. ಎರಡು, ನೀವು ಒತ್ತೆಯಿಟ್ಟ ದಾಖಲೆಗಳ ಪಟ್ಟಿ, ಬ್ಯಾಂಕಿನವರ ಮಾತಿನಲ್ಲಿ ಎಲ್‌ಒಡಿ. ಮೂರು, ಕಂತು ಕಟ್ಟಿದ ಚರಿತ್ರೆಯಿರುವ ಸಾಲದ ಸ್ಟೇಟ್‌ಮೆಂಟ್. ಸಾಲ ವರ್ಗಾವಣೆಯ ಕೋರಿಕೆ ಬಂದರೆ ಒಪ್ಪಿಗೆಯನ್ನೋ ಆಕ್ಷೇಪವನ್ನೋ 21 ದಿನದೊಳಗೆ ತಿಳಿಸಬೇಕೆಂದು ರಿಸರ್ವ್ ಬ್ಯಾಂಕಿನ ನ್ಯಾಯಸಮ್ಮತ ವ್ಯವಹಾರ ಸಂಹಿತೆ ಹೇಳುತ್ತದೆ. ಕೋರಿಕೆಯನ್ನು ಲಿಖಿತವಾಗಿ ಕೊಟ್ಟು ಸ್ವೀಕೃತಿ ಮುದ್ರೆ ಹಾಕಿಸಿಕೊಂಡರೆ ಆ ದಿನಗಳ ಎಣಿಕೆಗೆ ಆಧಾರ ಸಿಗುತ್ತದೆ.

ಹೊಸ ಬ್ಯಾಂಕು ನಿಮ್ಮನ್ನು ಹೊಸ ಸಾಲಗಾರರೆಂದೇ ನೋಡುತ್ತದೆ. ಆಧಾರ್, ಪ್ಯಾನ್, ಸಂಬಳದ ಚೀಟಿ, ಫಾರ್ಮ್ 16, ಬ್ಯಾಂಕ್ ಸ್ಟೇಟ್‌ಮೆಂಟ್ ಎಲ್ಲ ಮತ್ತೆ ಕೊಡಬೇಕು. ಸ್ವಂತ ವ್ಯಾಪಾರದವರಿಗೆ ಹಿಂದಿನ ವರ್ಷಗಳ ಆದಾಯ ತೆರಿಗೆ ರಿಟರ್ನ್ಸ್ ಬೇಕು. ಸಾಲ ಪಡೆದ ಮೇಲೆ ಕೆಲಸ ಬಿಟ್ಟಿದ್ದರೆ, ಈಚೆಗೆ ಕಂತು ತಪ್ಪಿ ಸಿಬಿಲ್ ಅಂಕ ಇಳಿದಿದ್ದರೆ ಅರ್ಜಿ ಅಲ್ಲೇ ನಿಲ್ಲಬಹುದು.

ಆದರೆ ಕರ್ನಾಟಕದಲ್ಲಿ ವರ್ಗಾವಣೆ ಕೆಡುವುದು ಹೆಚ್ಚಾಗಿ ಆಸ್ತಿಯ ಕಾಗದದಲ್ಲಿ. ಕ್ರಯಪತ್ರ, ಅದರ ಹಿಂದಿನ ಮೂಲಪತ್ರಗಳು, ಖಾತಾ, ತೆರಿಗೆ ರಶೀದಿ, ಋಣಭಾರ ಪತ್ರ, ಭೂಪರಿವರ್ತನೆ ಆದೇಶ, ಮಂಜೂರಾದ ನಕ್ಷೆ, ಅಪಾರ್ಟ್‌ಮೆಂಟ್ ಆದರೆ ಸ್ವಾಧೀನಾನುಭವ ಪತ್ರ ಇವೆಲ್ಲವನ್ನೂ ಹೊಸ ಬ್ಯಾಂಕಿನ ವಕೀಲರು ಮೊದಲಿನಿಂದ ನೋಡುತ್ತಾರೆ. ಕೆಲವು ಗೃಹಸಾಲ ಸಂಸ್ಥೆಗಳು ಬಿ ಖಾತಾ ನಿವೇಶನಕ್ಕೂ, ಸ್ವಾಧೀನಾನುಭವ ಪತ್ರವಿಲ್ಲದ ಫ್ಲ್ಯಾಟಿಗೂ ಸಾಲ ಕೊಟ್ಟಿರುತ್ತವೆ. ಅದಕ್ಕೆಂದೇ ಅಲ್ಲಿ ಬಡ್ಡಿ ಹೆಚ್ಚಿರುತ್ತದೆ. ಅಂಥ ಆಸ್ತಿಯನ್ನು ಕಡಿಮೆ ಬಡ್ಡಿಯ ಬ್ಯಾಂಕು ಒಪ್ಪುವುದು ಕಷ್ಟ. ಅರ್ಜಿ ತಿರಸ್ಕೃತವಾದರೆ ಕಟ್ಟಿದ ಪ್ರೊಸೆಸಿಂಗ್ ಶುಲ್ಕವೂ ವಕೀಲರ ಶುಲ್ಕವೂ ವಾಪಸು ಬರುವ ಭರವಸೆಯಿಲ್ಲ. ಆದ್ದರಿಂದ ಶುಲ್ಕ ಕಟ್ಟುವ ಮೊದಲೇ ಖಾತಾ ಮತ್ತು ನಕ್ಷೆಯ ಜೆರಾಕ್ಸ್ ತೋರಿಸಿ, ಇದನ್ನು ಒಪ್ಪುತ್ತೀರಾ ಎಂದು ಶಾಖೆಯಲ್ಲಿ ನೇರವಾಗಿ ಕೇಳಿ. ಜಂಟಿ ಒಡೆತನವಿದ್ದರೆ ಒಡೆಯರೆಲ್ಲರೂ ಸಹಿಗೆ ಬರಬೇಕಾಗುತ್ತದೆ ಎಂಬುದೂ ನೆನಪಿರಲಿ.

ಮಂಜೂರಾತಿ ಬಂದಾಗ ಅದರ ಜೊತೆ ಕೀ ಫ್ಯಾಕ್ಟ್ಸ್ ಸ್ಟೇಟ್‌ಮೆಂಟ್ ಎಂಬ ಹಾಳೆ ಕೊಡಬೇಕು. 2024ರ ಅಕ್ಟೋಬರ್‌ನಿಂದ ಇದು ಕಡ್ಡಾಯ. ಬಡ್ಡಿ, ಅವಧಿ, ಕಂತು, ಪ್ರತಿಯೊಂದು ಶುಲ್ಕ, ಎಲ್ಲ ಸೇರಿಸಿದ ವಾರ್ಷಿಕ ದರ ಅದರಲ್ಲಿರುತ್ತವೆ. ಸಾಲದ ಮೊತ್ತ ನೀವು ಕೇಳಿದ್ದಕ್ಕಿಂತ ಒಂದೆರಡು ಲಕ್ಷ ಹೆಚ್ಚಿದೆಯೇ ನೋಡಿ. ಹೆಚ್ಚಿದ್ದರೆ ಅದು ಬಹುಪಾಲು ಒಂದೇ ಕಂತಿನ ಜೀವವಿಮೆಯ ಪ್ರೀಮಿಯಂ ಆಗಿರುತ್ತದೆ. ಗೃಹಸಾಲಕ್ಕೆ ಜೀವವಿಮೆ ಮಾಡಿಸಲೇಬೇಕೆಂದು ಯಾವ ಕಾನೂನೂ ಹೇಳುವುದಿಲ್ಲ. ಬೇಕೆನಿಸಿದರೆ ಟರ್ಮ್ ವಿಮೆಯನ್ನು ಹೊರಗೆ ಬೇರೆಯಾಗಿ ಮಾಡಿಸಬಹುದು. ಹಳೆಯ ಸಾಲದ ಜೊತೆ ಇಂಥ ಪಾಲಿಸಿ ಇದ್ದರೆ ಅದು ಮುಂದುವರಿಯುತ್ತದೆಯೇ, ಹಣ ವಾಪಸು ಬರುತ್ತದೆಯೇ ಎಂದು ವಿಮಾ ಕಂಪನಿಯನ್ನು ವಿಚಾರಿಸಿ.

ಚೆಕ್ ಕೊಟ್ಟ ಮೇಲೂ ಕೆಲಸವಿದೆ

ಚೆಕ್ಕನ್ನು ಹಳೆಯ ಸಂಸ್ಥೆಗೆ ಮುಟ್ಟಿಸುವ ದಿನ ಸಾಧ್ಯವಾದರೆ ಬ್ಯಾಂಕಿನ ಪ್ರತಿನಿಧಿಯ ಜೊತೆ ನೀವೂ ಹೋಗಿ. ಫೋರ್‌ಕ್ಲೋಷರ್ ಪತ್ರದಲ್ಲಿರುವ ಮೊತ್ತಕ್ಕೆ ಅಂತಿಮ ದಿನಾಂಕವಿರುತ್ತದೆ. ಆ ದಿನ ದಾಟಿದರೆ ಕೆಲವು ಸಾವಿರ ಕಡಿಮೆ ಬಿದ್ದು ಖಾತೆ ಮುಚ್ಚದೆ ಉಳಿಯುತ್ತದೆ. ಆ ವ್ಯತ್ಯಾಸವನ್ನು ಅಲ್ಲೇ ಕಟ್ಟಿ ಮುಗಿಸುವುದು ಸುಲಭ. ಹಾಗೆಯೇ ಹಳೆಯ ಕಂತು ತಾನಾಗಿ ಕಡಿತವಾಗುವ ನ್ಯಾಚ್ ಆದೇಶವನ್ನು ರದ್ದುಮಾಡಿಸಿ.

ಸಾಲ ತೀರಿದ 30 ದಿನದೊಳಗೆ ಸಂಸ್ಥೆ ಮೂಲ ದಾಖಲೆಗಳನ್ನೆಲ್ಲ ಹಿಂದಿರುಗಿಸಬೇಕು, ನೋಂದಾಯಿತ ಒತ್ತೆಯನ್ನು ತೆಗೆಸಬೇಕು. ತನ್ನ ತಪ್ಪಿನಿಂದ ತಡವಾದರೆ ದಿನಕ್ಕೆ 5,000 ರೂಪಾಯಿಯಂತೆ ಪರಿಹಾರ ಕೊಡಬೇಕು. ರಿಸರ್ವ್ ಬ್ಯಾಂಕಿನ ಈ ನಿಯಮ 2023ರ ಡಿಸೆಂಬರ್ 1ರಿಂದ ಜಾರಿಯಲ್ಲಿದೆ. ದಾಖಲೆಗಳು ನೇರವಾಗಿ ಹೊಸ ಬ್ಯಾಂಕಿಗೆ ಹೋಗುವುದಾದರೂ ಎಲ್‌ಒಡಿ ಹಿಡಿದು ಒಂದೊಂದೇ ಪತ್ರ ತಾಳೆ ನೋಡಿ. ಹೊಸ ಬ್ಯಾಂಕಿನಿಂದ ಅಷ್ಟಕ್ಕೂ ಸ್ವೀಕೃತಿ ಪಡೆಯಿರಿ.

ಕೊನೆಯ ತಪಾಸಣೆ ಒಂದೆರಡು ತಿಂಗಳ ನಂತರದ್ದು. ಹೊಸದಾಗಿ ಋಣಭಾರ ಪತ್ರ ತೆಗೆಸಿ. ಹಳೆಯ ಎಂಒಡಿಟಿ ನೋಂದಣಿಯಾಗಿದ್ದರೆ ಅದರ ತೀರುವಳಿಯೂ ಅದರಲ್ಲಿ ಕಾಣಬೇಕು. ಅದು ಬಿಟ್ಟುಹೋದರೆ ಮುಂದೆಂದೋ ಮನೆ ಮಾರುವಾಗ ಕೊಳ್ಳುವವರ ವಕೀಲರು ಎರಡು ಸಾಲವಿದೆ ಎಂದು ತಡೆಹಿಡಿಯುತ್ತಾರೆ. ಆಗ ಹಳೆಯ ಸಂಸ್ಥೆಯ ಅಧಿಕಾರಿಯನ್ನು ಉಪನೋಂದಣಾಧಿಕಾರಿ ಕಚೇರಿಗೆ ಕರೆತರುವುದು ದೊಡ್ಡ ತಾಪತ್ರಯ. ಸಿಬಿಲ್ ವರದಿಯಲ್ಲಿ ಹಳೆಯ ಸಾಲ ಮುಗಿದಿದೆ ಎಂದು ಬಂದಿದೆಯೇ ಎಂಬುದನ್ನೂ ನೋಡಿ. ದೂರಿಗೆ ಬ್ಯಾಂಕು 30 ದಿನದಲ್ಲಿ ಸರಿಯಾದ ಉತ್ತರ ಕೊಡದಿದ್ದರೆ cms.rbi.org.in ತಾಣದಲ್ಲಿ ರಿಸರ್ವ್ ಬ್ಯಾಂಕ್ ಓಂಬುಡ್ಸ್‌ಮನ್‌ಗೆ ದೂರು ಕೊಡಬಹುದು. ಗೃಹಸಾಲ ಸಂಸ್ಥೆಗಳ ಮೇಲಿನ ದೂರು ರಾಷ್ಟ್ರೀಯ ವಸತಿ ಬ್ಯಾಂಕಿಗೆ ಹೋಗಬೇಕು.

ಬಾಕಿ ದೊಡ್ಡದಿದ್ದು, ಹತ್ತು ವರ್ಷಕ್ಕಿಂತ ಹೆಚ್ಚು ಅವಧಿ ಉಳಿದಿದ್ದು, ಬಡ್ಡಿಯಲ್ಲಿ ಮುಕ್ಕಾಲು ಪರ್ಸೆಂಟಿಗೂ ಹೆಚ್ಚು ಅಂತರವಿದ್ದು, ನಿಮ್ಮ ಸಂಸ್ಥೆ ಕೇಳಿದರೂ ಇಳಿಸದಿದ್ದರೆ ಸಾಲವನ್ನು ಧೈರ್ಯವಾಗಿ ಸಾಗಿಸಿ. ಅಂತರ ಕಾಲು ಪರ್ಸೆಂಟಿನ ಆಸುಪಾಸಿನಲ್ಲಿದ್ದರೆ ಇದ್ದಲ್ಲೇ ಚೌಕಾಸಿ ಮಾಡಿ. ಎಲ್ಲಿದ್ದರೂ ಹಳೆಯ ಕಂತನ್ನು ಮಾತ್ರ ಇಳಿಸಬೇಡಿ, ಅವಧಿಯನ್ನು ಹಿಗ್ಗಿಸಬೇಡಿ.